ಜಾರುವ ಚೆಂಡು ಉರುಳಲು ಕಲಿಯುವ ಅರ್ಧ ಸೆಕೆಂಡು

ಬಿಲಿಯರ್ಡ್ಸ್ ಮೇಜಿನ ಮೇಲೆ ಕ್ಯೂ ಕೋಲಿನ ಏಟು ಬಿದ್ದ ಗಳಿಗೆಯಿಂದಲೇ ಚೆಂಡು ಉರುಳುತ್ತಾ ಹೋಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಕಣ್ಣಿಗೆ ಕಾಣುವುದೂ ಹಾಗೆಯೇ. ಒಂದು ಸಂಜೆ ಗೆಳೆಯನೊಬ್ಬನ ಜೊತೆ ಸ್ನೂಕರ್ ಆಡುವ ಜಾಗಕ್ಕೆ ಹೋಗಿದ್ದಾಗ ಆ ನಂಬಿಕೆ ಕಳಚಿತು. ಬಿಳಿ ಚೆಂಡಿನ ಪಕ್ಕದ ಮೈಗೆ, ಮೇಲಂಚಿನ ಹತ್ತಿರ, ಕ್ಯೂ ತುದಿಗೆ ಹಚ್ಚುವ ನೀಲಿ ಚಾಕಿನಿಂದ ಒಂದು ಚುಕ್ಕೆ ಇಟ್ಟೆವು. ಚೆಂಡಿನ ನಟ್ಟನಡುವಿಗೆ ಗುರಿಯಿಟ್ಟು ಗೆಳೆಯ ಹೊಡೆದ. ನಾನು ಮೇಜಿನ ಮಗ್ಗುಲಲ್ಲಿ ಕೂತು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಹಿಡಿದೆ.

ಆಮೇಲೆ ಇಬ್ಬರೂ ತಲೆ ಜೋಡಿಸಿ ಆ ವಿಡಿಯೊ ನೋಡಿದೆವು. ಚೆಂಡು ಮುಂದಕ್ಕೆ ಹೊರಟಿದೆ, ಆದರೆ ಚುಕ್ಕೆ ಇದ್ದಲ್ಲೇ ಇದೆ! ನೆಲದ ಮೇಲೆ ಬಟ್ಟಲನ್ನು ತಳ್ಳಿದರೆ ಹೇಗೆ ಜಾರಿಕೊಂಡು ಹೋಗುತ್ತದೋ, ಕೇರಂ ಹಲಗೆಯ ಮೇಲೆ ಸ್ಟ್ರೈಕರ್ ಹೇಗೆ ಸಾಗುತ್ತದೋ, ಹಾಗೆಯೇ ಚೆಂಡು ಜಾರುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಚುಕ್ಕೆ ಮುಂದಕ್ಕೆ ವಾಲಿತು. ಮತ್ತೆ ಸ್ವಲ್ಪ ದೂರಕ್ಕೆ ಅದು ಕೆಳಗಿಳಿದು, ಹಿಂದಿನಿಂದ ಮೇಲೆದ್ದು, ಒಂದು ಸುತ್ತು ಮುಗಿಸಿತು. ಮುಂದಿನ ಸುತ್ತು ಅದಕ್ಕಿಂತ ಬೇಗ, ಅದರ ಮುಂದಿನದು ಇನ್ನೂ ಬೇಗ. ಕೊನೆಗೆ ಒಂದು ಹಂತದಲ್ಲಿ ಸುತ್ತುವಿಕೆ ಒಂದೇ ಲಯಕ್ಕೆ ಬಂದು ನಿಂತಿತು. ಅಲ್ಲಿಂದ ಮುಂದೆ ಚೆಂಡು ನಿಜವಾಗಿಯೂ ಉರುಳುತ್ತಿತ್ತು.

ಹೊಡೆತಕ್ಕೂ ಉರುಳುವಿಕೆಗೂ ನಡುವಿನ ಆ ಪುಟ್ಟ ಅವಧಿಯಲ್ಲಿ ಚೆಂಡಿಗೆ ಉರುಳುವುದನ್ನು ಕಲಿಸಿದ್ದು ಮೇಜಿನ ಹಸಿರು ಬಟ್ಟೆಯ ಘರ್ಷಣೆ. ಅದು ಹೇಗೆ ಕಲಿಸಿತು, ಅದಕ್ಕಾಗಿ ಚೆಂಡಿನಿಂದ ಏನನ್ನು ಪಡೆಯಿತು ಎಂಬ ಲೆಕ್ಕ ಬಹಳ ಚೊಕ್ಕವಾಗಿದೆ.

ಉರುಳುವುದೆಂದರೆ ಏನು?

ಮಳೆ ಬಿದ್ದು ಹದವಾದ ಮಣ್ಣಿನ ದಾರಿಯಲ್ಲಿ ಸೈಕಲ್ ಹೋದರೆ ಟೈರಿನ ಅಚ್ಚು ಒಂದೊಂದು ಗೆರೆಯೂ ಬಿಡದಂತೆ ಮಣ್ಣಿನಲ್ಲಿ ಮೂಡುತ್ತದೆ. ಅದೇ ಸೈಕಲ್ಲಿಗೆ ಗಟ್ಟಿಯಾಗಿ ಬ್ರೇಕ್ ಹಾಕಿ ಚಕ್ರ ತಿರುಗದೆ ಜಾರಿದರೆ ಅಚ್ಚಿನ ಬದಲು ಒಂದು ಉದ್ದನೆಯ ತೀಡಿದ ಗುರುತು ಉಳಿಯುತ್ತದೆ. ಚೊಕ್ಕ ಅಚ್ಚು ಮೂಡಬೇಕಾದರೆ ಟೈರಿನ ಆ ಭಾಗ ನೆಲವನ್ನು ಮುಟ್ಟಿದ ಕ್ಷಣದಲ್ಲಿ ಕದಲದೆ ನಿಂತಿರಬೇಕು. ಸೈಕಲ್ ಓಡುತ್ತಿದ್ದರೂ ನೆಲ ಮುಟ್ಟಿರುವ ಬಿಂದು ಮಾತ್ರ ಆ ಕ್ಷಣಕ್ಕೆ ನಿಶ್ಚಲ. ಶುದ್ಧ ಉರುಳುವಿಕೆ ಎಂದರೆ ಇಷ್ಟೇ.

ಚೆಂಡಿನಲ್ಲೂ ಇದೇ ಮಾತು. ಚೆಂಡಿನ ಕೇಂದ್ರ ಮುಂದಕ್ಕೆ ಸಾಗುವುದು ಒಂದು ವೇಗ. ಚೆಂಡು ತನ್ನ ಸುತ್ತ ತಾನು ತಿರುಗುವಾಗ ಅದರ ಮೈ ಸುತ್ತುವುದು ಇನ್ನೊಂದು ವೇಗ. ಇದನ್ನು ಅಂಚಿನ ವೇಗ ಎನ್ನೋಣ. ಚೆಂಡು ಮುಂದಕ್ಕೆ ತಿರುಗುತ್ತಿದ್ದರೆ ಅದರ ತಳಭಾಗ ಹಿಂದಕ್ಕೆ ಸರಿಯುತ್ತಿರುತ್ತದೆ. ಸಾಗುವ ವೇಗವೂ ಅಂಚಿನ ವೇಗವೂ ಸಮವಾದಾಗ ತಳದ ಬಿಂದುವಿನಲ್ಲಿ ಮುಂದಕ್ಕೆ ಒಯ್ಯುವುದು, ಹಿಂದಕ್ಕೆ ಸರಿಸುವುದು ಎರಡೂ ಒಂದಕ್ಕೊಂದು ವಜಾ ಆಗಿ ಬಿಂದು ಬಟ್ಟೆಯ ಮೇಲೆ ನಿಶ್ಚಲವಾಗುತ್ತದೆ. ಎರಡು ವೇಗಗಳ ನಡುವೆ ಅಂತರ ಇರುವಷ್ಟು ಹೊತ್ತು ಚೆಂಡು ಬಟ್ಟೆಯನ್ನು ಉಜ್ಜುತ್ತಿರುತ್ತದೆ.

ಕ್ಯೂ ನಡುಮಧ್ಯಕ್ಕೆ ತಗುಲಿದರೆ ಏಟಿನ ಬಲ ನೇರವಾಗಿ ಕೇಂದ್ರದ ಮೂಲಕ ಹಾಯುತ್ತದೆ. ತಿರುಗಿಸುವ ಕೆಲಸ ಅದರಿಂದ ಸ್ವಲ್ಪವೂ ಆಗುವುದಿಲ್ಲ. ಆದ್ದರಿಂದ ಚೆಂಡು ಪೂರ್ತಿ ಸಾಗುವ ವೇಗ, ಸೊನ್ನೆ ಅಂಚಿನ ವೇಗ ಇಟ್ಟುಕೊಂಡು ಹೊರಡುತ್ತದೆ. ಚುಕ್ಕೆ ಮೊದಲಿಗೆ ಇದ್ದಲ್ಲೇ ಇದ್ದದ್ದು ಇದಕ್ಕೇ.

ಒಂದೇ ಬಲ, ಎರಡು ಕೆಲಸ

ಸ್ನೂಕರ್ ಚೆಂಡಿನ ವ್ಯಾಸ 52.5 ಮಿಲಿಮೀಟರ್, ತೂಕ ಸುಮಾರು 140 ಗ್ರಾಂ. ಚೆಂಡು ಜಾರುವಾಗ ಬಟ್ಟೆ ಒಡ್ಡುವ ಘರ್ಷಣೆ ಅದರ ತೂಕದ ಸುಮಾರು ಐದರಲ್ಲೊಂದು ಪಾಲು. ಅಂದರೆ ಸುಮಾರು 28 ಗ್ರಾಂ ತೂಕದಷ್ಟು ಬಲ ಚೆಂಡಿನ ತಳವನ್ನು ಹಿಡಿದು ಹಿಂದಕ್ಕೆ ಎಳೆಯುತ್ತದೆ. ಜಾರುತ್ತಿರುವ ಮೈಗಳ ನಡುವಿನ ಈ ಬಲಕ್ಕೆ ಚಲನ ಘರ್ಷಣೆ ಎಂದು ಹೆಸರು. ಜಾರುವಿಕೆ ಜೋರಾಗಿರಲಿ ಮೆಲ್ಲಗಿರಲಿ, ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಈ ಒಂದು ಬಲ ಎರಡು ಕೆಲಸ ಮಾಡುತ್ತದೆ. ಹಿಂದಕ್ಕೆ ಎಳೆಯುವುದರಿಂದ ಚೆಂಡಿನ ಸಾಗುವ ವೇಗ ತಗ್ಗುತ್ತದೆ. ಎಳೆತ ಬೀಳುವುದು ಕೇಂದ್ರಕ್ಕಲ್ಲ, ತಳಕ್ಕೆ. ಆದ್ದರಿಂದ ಅದು ಚೆಂಡನ್ನು ಮುಂದಕ್ಕೆ ತಿರುಚುತ್ತದೆ, ಅಂಚಿನ ವೇಗ ಏರುತ್ತದೆ. ಒಂದು ಇಳಿಯುತ್ತಾ, ಇನ್ನೊಂದು ಏರುತ್ತಾ, ಎರಡೂ ಎಲ್ಲೋ ಒಂದು ಕಡೆ ಸಂಧಿಸಲೇಬೇಕು.

ಎಲ್ಲಿ ಸಂಧಿಸುತ್ತವೆ ಎಂಬುದನ್ನು ತೀರ್ಮಾನಿಸುವುದು ಚೆಂಡಿನ ಆಕಾರ. ಗಟ್ಟಿ ಗೋಲದಲ್ಲಿ ದ್ರವ್ಯದ ಬಹುಪಾಲು ಅಂಚಿಗಿಂತ ಒಳಗಿರುತ್ತದೆ, ಹಾಗಾಗಿ ಅದನ್ನು ತಿರುಗಿಸುವುದು ಹಗುರ. ಲೆಕ್ಕ ಹಾಕಿದರೆ, ಘರ್ಷಣೆಯಿಂದ ಸಾಗುವ ವೇಗದಲ್ಲಿ ಒಂದು ಪಾಲು ಇಳಿಯುವಷ್ಟರಲ್ಲಿ ಅಂಚಿನ ವೇಗ ಎರಡೂವರೆ ಪಾಲು ಏರುತ್ತದೆ. ಈ ಒಂದಕ್ಕೆ ಎರಡೂವರೆ ಎಂಬ ವಿನಿಮಯ ದರವೇ ಇಡೀ ಕತೆಯ ಕೀಲಿ.

ಸೆಕೆಂಡಿಗೆ 3.5 ಮೀಟರ್ ವೇಗದಲ್ಲಿ ಚೆಂಡು ಹೊರಟಿತು ಎನ್ನಿ. ಸ್ವಲ್ಪ ಬಲವಾದ ಹೊಡೆತ ಇದು. ಗುರುತ್ವಾಕರ್ಷಣೆಯ ವೇಗೋತ್ಕರ್ಷವನ್ನು ಲೆಕ್ಕದ ಅನುಕೂಲಕ್ಕೆ 10 ಎಂದು ಹಿಡಿದರೆ, ತೂಕದ ಐದರಲ್ಲೊಂದು ಪಾಲಿನ ಘರ್ಷಣೆ ಸಾಗುವ ವೇಗವನ್ನು ಸೆಕೆಂಡಿಗೆ 2ರಂತೆ ಇಳಿಸುತ್ತದೆ, ಅಂಚಿನ ವೇಗವನ್ನು ಸೆಕೆಂಡಿಗೆ 5ರಂತೆ ಏರಿಸುತ್ತದೆ. ಹೊರಟ 0.1 ಸೆಕೆಂಡಿಗೆ ಸಾಗುವ ವೇಗ 3.3, ಅಂಚಿನ ವೇಗ 0.5. 0.2 ಸೆಕೆಂಡಿಗೆ 3.1 ಮತ್ತು 1.0. 0.3ಕ್ಕೆ 2.9 ಮತ್ತು 1.5. 0.4ಕ್ಕೆ 2.7 ಮತ್ತು 2.0. ಸರಿಯಾಗಿ ಅರ್ಧ ಸೆಕೆಂಡಿಗೆ 2.5 ಮತ್ತು 2.5.

ಅಲ್ಲಿಗೆ ಜಾರುವಿಕೆ ಮುಗಿಯಿತು. ಚೆಂಡು ಈಗ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತಾ ಉರುಳುತ್ತಿದೆ. ಅಷ್ಟರೊಳಗೆ ಅದು ಮೇಜಿನ ಮೇಲೆ ಸಾಗಿದ ದೂರ ಒಂದೂವರೆ ಮೀಟರ್. ಸ್ನೂಕರ್ ಮೇಜಿನ ಆಟದ ಅಂಗಳದ ಉದ್ದ 3.57 ಮೀಟರ್, ಅಂದರೆ ಉದ್ದದ ಐದರಲ್ಲಿ ಎರಡು ಪಾಲಿಗೂ ಹೆಚ್ಚು ದೂರ ಚೆಂಡು ಜಾರುತ್ತಲೇ ಕಳೆದಿದೆ. ಮೊದಲಿನಿಂದಲೇ ಉರುಳಿದ್ದರೆ ಇಷ್ಟು ದೂರಕ್ಕೆ ಅದು ಒಂಬತ್ತು ಸುತ್ತು ತಿರುಗಬೇಕಿತ್ತು. ಜಾರಿದ್ದರಿಂದ ತಿರುಗಿದ್ದು ನಾಲ್ಕು ಸುತ್ತಿಗೂ ಸ್ವಲ್ಪ ಕಡಿಮೆ. ಚುಕ್ಕೆ ಇಟ್ಟು ವಿಡಿಯೊ ಹಿಡಿದವರು ಸುತ್ತುಗಳನ್ನು ಎಣಿಸಿಯೇ ಇದನ್ನು ಪರೀಕ್ಷಿಸಬಹುದು.

ಏಳರಲ್ಲಿ ಐದು

3.5ರಿಂದ ಹೊರಟು 2.5ಕ್ಕೆ ಬಂದದ್ದನ್ನು ಗಮನಿಸಿ. ಹೊರಟ ವೇಗವನ್ನು ಏಳು ಪಾಲು ಮಾಡಿದರೆ ಉಳಿದದ್ದು ಐದು, ಹೋದದ್ದು ಎರಡು. ಎರಡು ಪಾಲು ಇಳಿಯುವಷ್ಟರಲ್ಲಿ ಅಂಚಿನ ವೇಗ ಎರಡೂವರೆ ಪಟ್ಟು, ಅಂದರೆ ಐದು ಪಾಲು ಏರಿ ಅಲ್ಲಿಗೇ ಬಂದು ಮುಟ್ಟುತ್ತದೆ. ಮೆಲ್ಲಗೆ ಹೊಡೆದರೂ ಇದೇ ಪ್ರಮಾಣ: ಸೆಕೆಂಡಿಗೆ 1.4 ಮೀಟರ್ ವೇಗದಲ್ಲಿ ಹೊರಟ ಚೆಂಡು 1.0ಕ್ಕೆ ಇಳಿದು ಉರುಳತೊಡಗುತ್ತದೆ. ಆದರೆ ಅದಕ್ಕೆ ಬೇಕಾಗುವುದು 0.2 ಸೆಕೆಂಡು, 24 ಸೆಂಟಿಮೀಟರ್ ಅಷ್ಟೇ. ಜಾರುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ಎರಡೂವರೆ ಪಟ್ಟು ಜೋರಾದ ಹೊಡೆತದಲ್ಲಿ ಚೆಂಡು ಆರು ಪಟ್ಟಿಗೂ ಹೆಚ್ಚು ದೂರ ಜಾರುತ್ತದೆ. ಮೆದುವಾದ ಹೊಡೆತದಲ್ಲಿ ಜಾರುವಿಕೆ ಕಣ್ಣಿಗೆ ಬೀಳದಿರುವುದು ಇದರಿಂದಲೇ.

ಈ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಬಟ್ಟೆಯ ಪಾತ್ರ. ಬಟ್ಟೆ ಒರಟಾದಷ್ಟೂ ಚೆಂಡಿನ ವೇಗ ಹೆಚ್ಚು ಕಳೆಯುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಘರ್ಷಣೆ ಅರ್ಧಕ್ಕೆ ಇಳಿಯಿತು ಎನ್ನಿ. ವೇಗ ಇಳಿಯುವುದೂ ಅರ್ಧದಷ್ಟು ನಿಧಾನ, ತಿರುಗುವಿಕೆ ಏರುವುದೂ ಅರ್ಧದಷ್ಟು ನಿಧಾನ. ಚೆಂಡು ಅರ್ಧ ಸೆಕೆಂಡಿನ ಬದಲು ಒಂದು ಸೆಕೆಂಡು, ಒಂದೂವರೆ ಮೀಟರ್ ಬದಲು ಮೂರು ಮೀಟರ್ ಜಾರುತ್ತದೆ. ಆದರೆ ಉರುಳತೊಡಗುವುದು ಅದೇ 2.5ರ ವೇಗದಲ್ಲಿ! ಪಾಠ ಎಷ್ಟು ಬೇಗ ಮುಗಿಯಬೇಕು ಎಂಬುದಷ್ಟೇ ಬಟ್ಟೆಯ ಕೈಯಲ್ಲಿದೆ. ಶುಲ್ಕ ಎಷ್ಟು ಎಂಬುದು ಚೆಂಡಿನ ಆಕಾರದಲ್ಲೇ ಬರೆದಿದೆ.

ಶಕ್ತಿಯಲ್ಲೂ ಏಳರಲ್ಲಿ ಎರಡು ಪಾಲೇ ಹೋಗುತ್ತದೆ. ಚೆಂಡು ಸಾಗಿದ 1.5 ಮೀಟರಿನಲ್ಲಿ ಅದರ ಮೈ ಸುತ್ತಿ ತೀರಿಸಿದ್ದು 62.5 ಸೆಂಟಿಮೀಟರ್. ಉಳಿದ 87.5 ಸೆಂಟಿಮೀಟರ್ ಬರೀ ಉಜ್ಜಾಟ. 28 ಗ್ರಾಂ ತೂಕದ ಬಲ ಅಷ್ಟು ದೂರ ಉಜ್ಜಿದಾಗ ಸುಮಾರು ಕಾಲು ಜೂಲ್ ಶಕ್ತಿ ಶಾಖವಾಗುತ್ತದೆ. ಚೆಂಡು ಹೊರಡುವಾಗ ಇದ್ದ ಶಕ್ತಿ 0.86 ಜೂಲ್, ಅದರ ಏಳರಲ್ಲಿ ಎರಡು ಪಾಲು ಸರಿಯಾಗಿ ಇಷ್ಟೇ. ವಿಮಾನ ಇಳಿಯುವಾಗ ಚಕ್ರಗಳಿಂದ ಬುಸ್ಸೆಂದು ಹೊಗೆ ಏಳುವುದನ್ನು ನೋಡಿರುತ್ತೀರಿ. ಅಲ್ಲೂ ತಿರುಗದ ಚಕ್ರಕ್ಕೆ ಓಡುವ ನೆಲ ಉರುಳುವುದನ್ನು ಕಲಿಸುತ್ತಿರುತ್ತದೆ, ಅದರ ಬೆಲೆ ರಬ್ಬರಿನ ಹೊಗೆಯಾಗಿ ಕಾಣುತ್ತದೆ.

ಮೇಲೆ ಹೊಡೆದರೆ, ಕೆಳಗೆ ಹೊಡೆದರೆ

ಚೆಂಡು ಜಾರದೆ, ಹೊರಟಾಗಲೇ ಉರುಳುವಂತೆ ಹೊಡೆಯಬಹುದೇ? ಹೊಡೆಯಬಹುದು. ಕ್ಯೂ ಕೇಂದ್ರಕ್ಕಿಂತ ಮೇಲೆ ತಗುಲಿದರೆ ಏಟೇ ಚೆಂಡನ್ನು ತಿರುಗಿಸಿಯೂ ಕಳುಹಿಸುತ್ತದೆ. ಕೇಂದ್ರದಿಂದ ತ್ರಿಜ್ಯದ ಐದರಲ್ಲಿ ಎರಡು ಪಾಲು ಮೇಲೆ, ಅಂದರೆ ಸ್ನೂಕರ್ ಚೆಂಡಿನಲ್ಲಿ ಹತ್ತೂವರೆ ಮಿಲಿಮೀಟರ್ ಮೇಲೆ, ಮಟ್ಟಸವಾಗಿ ಹೊಡೆದರೆ ಎರಡೂ ವೇಗಗಳು ಮೊದಲಿನಿಂದಲೇ ಸಮ. ಘರ್ಷಣೆಗೆ ಕಲಿಸಲು ಏನೂ ಉಳಿದಿರುವುದಿಲ್ಲ.

ಅದಕ್ಕಿಂತಲೂ ಮೇಲೆ ಹೊಡೆದರೆ ತಿರುಗುವಿಕೆಯೇ ಹೆಚ್ಚಾಗಿಬಿಡುತ್ತದೆ. ತಳ ಹಿಂದಕ್ಕೆ ಜಾರುತ್ತದೆ. ಘರ್ಷಣೆ ಮುಂದಕ್ಕೆ ತಳ್ಳುತ್ತದೆ. ಘರ್ಷಣೆ ಯಾವಾಗಲೂ ಚಲನೆಯನ್ನು ತಡೆಯುತ್ತದೆ ಎಂದು ಕಲಿತವರು ಇಲ್ಲಿ ತಡವರಿಸುತ್ತಾರೆ. ಅದು ತಡೆಯುವುದು ಜಾರುವಿಕೆಯನ್ನು, ಸಾಗುವಿಕೆಯನ್ನಲ್ಲ. ಈ ಹೊಡೆತದಲ್ಲಿ ಚೆಂಡು ಹೊರಟದ್ದಕ್ಕಿಂತ ತುಸು ವೇಗ ಪಡೆದೇ ಉರುಳತೊಡಗುತ್ತದೆ. ಆದರೆ ಇದಕ್ಕೆ ಮಿತಿಯಿದೆ. ತ್ರಿಜ್ಯದ ಅರ್ಧಕ್ಕಿಂತ ಆಚೆ, ಸುಮಾರು 13 ಮಿಲಿಮೀಟರ್ ದಾಟಿ ಹೊಡೆದರೆ, ಚಾಕ್ ಹಚ್ಚಿದ ಚರ್ಮದ ತುದಿಯೂ ಚೆಂಡಿನಿಂದ ಜಾರಿ ಹೊಡೆತ ಕೆಡುತ್ತದೆ.

ಕೆಳಗೆ ಹೊಡೆದರೆ ಚೆಂಡು ಮುಂದಕ್ಕೆ ಸಾಗುತ್ತಾ ಹಿಂದಕ್ಕೆ ತಿರುಗುತ್ತದೆ. ಇದನ್ನು ಮನೆಯಲ್ಲೇ ಬಳೆಯೊಂದಿಗೆ ಆಡಿ ನೋಡಬಹುದು. ಬಳೆಯನ್ನು ನೆಟ್ಟಗೆ ಹಿಡಿದು, ಬೆರಳಿನಿಂದ ಹಿಮ್ಮುಖವಾಗಿ ತಿರುಗಿಸುತ್ತಾ ನೆಲದ ಮೇಲೆ ಮುಂದಕ್ಕೆ ಎಸೆದರೆ ಅದು ಜಾರಿಕೊಂಡು ಹೋಗಿ, ಒಂದು ಕ್ಷಣ ನಿಂತು, ಕರೆದಂತೆ ಹಿಂದಿರುಗಿ ಉರುಳಿ ಬರುತ್ತದೆ. ಬಳೆಯ ದ್ರವ್ಯವೆಲ್ಲ ಅಂಚಿನಲ್ಲೇ ಇರುವುದರಿಂದ ಅಲ್ಲಿನ ವಿನಿಮಯ ದರ ಒಂದಕ್ಕೆ ಒಂದು. ಅಂಚಿನ ಹಿಮ್ಮುಖ ವೇಗ ಸಾಗುವ ವೇಗಕ್ಕಿಂತ ಸ್ವಲ್ಪ ಹೆಚ್ಚಿದ್ದರೂ ಸಾಕು, ಬಳೆ ಮರಳುತ್ತದೆ. ಗಟ್ಟಿ ಚೆಂಡು ಹಾಗೆ ಮರಳಬೇಕಾದರೆ ಹಿಮ್ಮುಖ ವೇಗ ಎರಡೂವರೆ ಪಟ್ಟಿಗಿಂತ ಹೆಚ್ಚಿರಬೇಕು. ಕ್ಯೂ ಜಾರದಂತೆ ಹೊಡೆದರೆ ಕೊಡಬಹುದಾದದ್ದು ಒಂದೂಕಾಲು ಪಟ್ಟು ಮಾತ್ರ. ಆದ್ದರಿಂದ ಕ್ಯೂವನ್ನು ಮಟ್ಟಸವಾಗಿ ಹಿಡಿದು ಎಷ್ಟೇ ಕೆಳಗೆ ಹೊಡೆದರೂ ಬಿಳಿ ಚೆಂಡು ತಾನಾಗಿ ಹಿಂದಿರುಗುವುದಿಲ್ಲ. ಅದಕ್ಕೆ ಇನ್ನೊಂದು ಚೆಂಡಿನ ಸಹಾಯ ಬೇಕು.

ಡಿಕ್ಕಿ ಹೊಡೆದಾಗ

ಒಂದೇ ತೂಕದ ಎರಡು ಚೆಂಡುಗಳು ನೇರವಾಗಿ ಡಿಕ್ಕಿಯಾದಾಗ ಸಾಗುವ ವೇಗ ಹೆಚ್ಚುಕಡಿಮೆ ಪೂರ್ತಿಯಾಗಿ ಎರಡನೆಯದಕ್ಕೆ ದಾಟುತ್ತದೆ. ತಿರುಗುವಿಕೆ ಮಾತ್ರ ದಾಟುವುದಿಲ್ಲ. ಚೆಂಡುಗಳ ಮೈ ಅಷ್ಟು ನುಣುಪು, ಅವು ತಾಗಿರುವ ಸಮಯ ಅಷ್ಟು ಕಡಿಮೆ. ಹಾಗಾಗಿ ಬಿಳಿ ಚೆಂಡು ಬಣ್ಣದ ಚೆಂಡನ್ನು ತಲುಪುವಾಗ ಎಷ್ಟು ತಿರುಗುತ್ತಿತ್ತು ಎಂಬುದರ ಮೇಲೆ ಅದರ ಮುಂದಿನ ದಾರಿ ನಿಂತಿದೆ.

ತಿರುಗುವಿಕೆ ಸೊನ್ನೆಯಾಗಿದ್ದು ಬರೀ ಜಾರುತ್ತಿದ್ದರೆ ಬಿಳಿ ಚೆಂಡು ಡಿಕ್ಕಿಯಾದಲ್ಲೇ ನಿಂತುಬಿಡುತ್ತದೆ. ಆಟಗಾರರು ಇದನ್ನು ಸ್ಟನ್ ಎನ್ನುತ್ತಾರೆ. ಹಿಮ್ಮುಖ ತಿರುಗುವಿಕೆ ಉಳಿದಿದ್ದರೆ ಚೆಂಡು ನಿಂತ ಜಾಗದಲ್ಲೇ ಹಿಂದಕ್ಕೆ ಗಿರಕಿ ಹೊಡೆಯುತ್ತಾ ಬಟ್ಟೆಯನ್ನು ಹಿಡಿದು ಹಿಂದಕ್ಕೆ ಬರುತ್ತದೆ, ಇದು ಸ್ಕ್ರೂ. ಮುಂದಕ್ಕೆ ಉರುಳುತ್ತಿದ್ದರೆ ಒಂದು ಕ್ಷಣ ನಿಂತಂತಾಗಿ ಮತ್ತೆ ಮುಂದೆ ಹೋಗುತ್ತದೆ; ಇದು ಫಾಲೋ.

ಕಷ್ಟ ಏನೆಂದರೆ, ಹೊಡೆದ ಕ್ಷಣದಿಂದಲೇ ಬಟ್ಟೆ ಹಿಮ್ಮುಖ ತಿರುಗುವಿಕೆಯನ್ನು ತಿನ್ನುತ್ತಿರುತ್ತದೆ. ನಮ್ಮ 3.5 ಮೀಟರ್ ವೇಗದ ಚೆಂಡನ್ನೇ ಅರ್ಧ ತ್ರಿಜ್ಯದಷ್ಟು ಕೆಳಗೆ ಹೊಡೆದರೆ ಅಂಚಿನ ಹಿಮ್ಮುಖ ವೇಗ ಸುಮಾರು 4.4. ಅದು ಸೆಕೆಂಡಿಗೆ 5ರಂತೆ ಕರಗಿ, 2.3 ಮೀಟರ್ ದೂರಕ್ಕೆ ಬರುವಷ್ಟರಲ್ಲಿ ಪೂರ್ತಿ ಬರಿದಾಗುತ್ತದೆ. ಅದಕ್ಕಿಂತ ಹತ್ತಿರದ ಚೆಂಡಿಗೆ ಹೊಡೆದರೆ ಸ್ಕ್ರೂ, ಸರಿಯಾಗಿ ಅಲ್ಲಿದ್ದರೆ ಸ್ಟನ್, ಅದರಾಚೆ ಇದ್ದರೆ ಅದೇ ಹೊಡೆತ ಫಾಲೋ ಆಗಿಬಿಡುತ್ತದೆ! ಹೊಸಬರು ದೂರದ ಚೆಂಡಿಗೆ ಸ್ಕ್ರೂ ಮಾಡಲು ಹೋಗಿ, ಬಿಳಿ ಚೆಂಡು ಹಿಂದಿರುಗುವ ಬದಲು ಬಣ್ಣದ ಚೆಂಡಿನ ಹಿಂದೆಯೇ ಪಾಕೆಟ್ಟಿಗೆ ಬೀಳುವುದನ್ನು ನೋಡಿ ಕೈ ಚೆಲ್ಲುವುದು ಇಲ್ಲೇ. ತಪ್ಪು ಗುರಿಯದಲ್ಲ, ಆ ದೂರಕ್ಕೆ ಅಷ್ಟು ವೇಗ ಸಾಲದು. ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವ ಪ್ರಶಸ್ತಿ ಗೆದ್ದ ಬೆಂಗಳೂರಿನ ಪಂಕಜ್ ಅಡ್ವಾಣಿಯವರ ಆಟ ನೋಡುವಾಗ, ಬಿಳಿ ಚೆಂಡು ಡಿಕ್ಕಿಯಾದ ಮೇಲೆ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಕಣ್ಣಿಡಿ. ದೂರ, ವೇಗ, ಎತ್ತರ ಮೂರನ್ನೂ ಹೊಂದಿಸುವ ಲೆಕ್ಕ ಅಲ್ಲಿ ಕೈಗೆ ಇಳಿದಿರುತ್ತದೆ.

ಕೋರಿಯೊಲಿಸ್ ಕಂಡ ತಿರುವು

ಈ ಲೆಕ್ಕವನ್ನು ಬಹು ಹಿಂದೆಯೇ ವಿಸ್ತಾರವಾಗಿ ಮಾಡಿದವರು ಫ್ರಾನ್ಸಿನ ಗ್ಯಾಸ್ಪಾರ್ ಗುಸ್ತಾವ್ ಕೋರಿಯೊಲಿಸ್. ಚಂಡಮಾರುತ ಸುತ್ತುವ ದಿಕ್ಕನ್ನು ವಿವರಿಸುವಾಗ ಬರುವ ಕೋರಿಯೊಲಿಸ್ ಬಲದ ಹೆಸರು ಇವರದೇ. 1835ರಲ್ಲಿ ಅವರು ಬಿಲಿಯರ್ಡ್ಸ್ ಆಟದ ಗಣಿತದ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು. ಚೆಂಡಿನ ತಿರುಗುವಿಕೆ ಅದು ಸಾಗುವ ದಿಕ್ಕಿಗೆ ಓರೆಯಾಗಿದ್ದರೆ ಘರ್ಷಣೆಯೂ ಓರೆಯಾಗಿ ಎಳೆಯುತ್ತದೆ. ಚೆಂಡು ಬಾಗಿದ ದಾರಿ ಹಿಡಿಯುತ್ತದೆ. ಮೇಲಕ್ಕೆ ಎಸೆದ ಕಲ್ಲಿನ ದಾರಿಯಂತೆ ಅದೂ ಪರವಲಯವೇ ಎಂದು ಅವರು ತೋರಿಸಿದರು. ಕಾರಣ ಒಂದೇ: ಜಾರುವಷ್ಟು ಹೊತ್ತೂ ಘರ್ಷಣೆಯ ದಿಕ್ಕು, ಪ್ರಮಾಣ ಎರಡೂ ಬದಲಾಗುವುದಿಲ್ಲ. ಉರುಳುವಿಕೆ ಆರಂಭವಾದ ಬಿಂದುವಿನಿಂದ ಆ ಬಾಗು ದಾರಿ ನೆಟ್ಟಗಾಗುತ್ತದೆ.

ಏಕೆಂದರೆ ತಳದ ಬಿಂದು ನಿಶ್ಚಲವಾದ ಮೇಲೆ ಚಲನ ಘರ್ಷಣೆಗೆ ಅಲ್ಲಿ ಕೆಲಸವೇ ಇಲ್ಲ. ಹಾಗಾದರೆ ಉರುಳುವ ಚೆಂಡು ಕೊನೆಗೆ ನಿಲ್ಲುವುದೇಕೆ? ಚೆಂಡು ಮೆತ್ತನೆಯ ಬಟ್ಟೆಯಲ್ಲಿ ತುಸು ಹೂತು, ಮುಂದಿನ ಬಟ್ಟೆಯನ್ನು ಅದುಮುತ್ತಾ ಸಾಗಬೇಕು. ಆ ತಡೆ ಬೇರೆಯದು, ಚಲನ ಘರ್ಷಣೆಯ ಸುಮಾರು ಇಪ್ಪತ್ತರಲ್ಲೊಂದು ಪಾಲು ಮಾತ್ರ. ನಮ್ಮ ಲೆಕ್ಕದಲ್ಲಿ ಅದನ್ನು ಬಿಟ್ಟಿದ್ದೇವೆ. ಬಟ್ಟೆ ಹಳೆಯದಾಗಿ ಸವೆದರೆ, ಮಳೆಗಾಲದಲ್ಲಿ ತೇವ ಹೀರಿದರೆ, ಚೆಂಡಿಗೆ ಚಾಕಿನ ಪುಡಿ ಮೆತ್ತಿದರೆ ನಾನು ಕೊಟ್ಟ ದೂರ, ಸಮಯಗಳು ಹೆಚ್ಚುಕಡಿಮೆಯಾಗುತ್ತವೆ. ಡಿಕ್ಕಿಯಲ್ಲೂ ವೇಗದ ಒಂದು ಚಿಕ್ಕ ಪಾಲು ಸೋರಿಹೋಗುತ್ತದೆ. ಏಳರಲ್ಲಿ ಐದು ಎಂಬ ಪ್ರಮಾಣ ಮಾತ್ರ ಬಟ್ಟೆ ಬದಲಾದರೂ ಉಳಿಯುತ್ತದೆ.

ಆ ಸಂಜೆ ನಾವು ಕೊನೆಯದಾಗಿ ಮಾಡಿ ನೋಡಿದ್ದು ಒಂದು ಸರಳ ಫಾಲೋ ಹೊಡೆತ. ಬಿಳಿ ಚೆಂಡು ಸೆಕೆಂಡಿಗೆ 3.5 ಮೀಟರ್ ವೇಗದಲ್ಲಿ ಚೆನ್ನಾಗಿ ಉರುಳುತ್ತಾ ಬಂದು ಕೆಂಪು ಚೆಂಡಿಗೆ ನೇರ ಬಡಿಯಿತು ಎನ್ನಿ. ಕೆಂಪು ಚೆಂಡು 3.5 ಮೀಟರ್ ವೇಗದಲ್ಲಿ ಹೊರಡುತ್ತದೆ, ಆದರೆ ತಿರುಗದೆ. ನಡುವಿಗೆ ಏಟು ತಿಂದ ಚೆಂಡಿನಂತೆಯೇ ಅದೂ ಜಾರುತ್ತದೆ. ಬಟ್ಟೆ ಅದಕ್ಕೆ ಉರುಳುವುದನ್ನು ಕಲಿಸಿ 2.5ಕ್ಕೆ ಇಳಿಸುತ್ತದೆ. ಬಿಳಿ ಚೆಂಡು ಬಡಿದಲ್ಲೇ ನಿಲ್ಲುತ್ತದೆ, ಆದರೆ ತನ್ನ ತಿರುಗುವಿಕೆಯನ್ನೆಲ್ಲ ಇಟ್ಟುಕೊಂಡು. ಅದರ ತಳ ಹಿಂದಕ್ಕೆ ಉಜ್ಜುತ್ತದೆ, ಬಟ್ಟೆ ಅದನ್ನು ಮುಂದಕ್ಕೆ ತಳ್ಳುತ್ತದೆ, ಸೆಕೆಂಡಿಗೆ 1.0 ಮೀಟರ್ ವೇಗ ಬರುವವರೆಗೆ. ಕೆಂಪು ಚೆಂಡಿನ ವೇಗದಿಂದ ಬಟ್ಟೆ ತೆಗೆದುಕೊಂಡ ಏಳರಲ್ಲಿ ಎರಡು ಪಾಲೂ, ಬಿಳಿ ಚೆಂಡಿನ ವೇಗಕ್ಕೆ ಅದು ಕೊಟ್ಟ ಏಳರಲ್ಲಿ ಎರಡು ಪಾಲೂ ಒಂದಕ್ಕೊಂದು ಸಮ. ಮೊಬೈಲಿನ ಪುಟ್ಟ ಪರದೆಯಲ್ಲಿ ನಿಂತ ಬಿಳಿ ಚೆಂಡು ನೀಲಿ ಚುಕ್ಕೆಯನ್ನು ಗಿರ್ರನೆ ತಿರುಗಿಸುತ್ತಾ, ಯಾರೂ ಮುಟ್ಟದೆ, ಮೆಲ್ಲನೆ ಮುಂದೆ ಹೊರಟಿತು.